ಒಂದು ಪುಟದ ಅರ್ಜಿಯಲ್ಲಿ ಚೋಮ ಏನು ಮಾಡುತ್ತಾನೆ?

ಕತೆ, ಕವಿತೆ, ಆತ್ಮಕತೆಗಳನ್ನು ಓದಿ ತೀರ್ಪು ಕೊಡುವ ನಾವು ಒಂದು ಬಗೆಯ ಬರವಣಿಗೆಯನ್ನು ವಿಮರ್ಶೆಯ ಅಂಗಳಕ್ಕೆ ಬಿಟ್ಟುಕೊಂಡೇ ಇಲ್ಲ. ಅದು ಅರ್ಜಿ. ಚಿತ್ರಕಥೆಯ ಲ್ಯಾಬಿಗೋ ಫೆಲೋಶಿಪ್ಪಿಗೋ ಬರೆಯುವ ಒಂದು ಪುಟದ ಸಾರಾಂಶ, ಒಂದು ಪುಟದ ಹೇಳಿಕೆ. ಇದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ, ಯಾರೂ ಇದರ ಮೇಲೆ ಗೋಷ್ಠಿ ಮಾಡುವುದಿಲ್ಲ. ಆದರೆ ಯಾವ ಕತೆ ತೆರೆಗೆ ಹೋಗುತ್ತದೆ, ಯಾವುದು ಬರೆದವನ ಟ್ರಂಕಿನಲ್ಲೇ ಉಳಿಯುತ್ತದೆ ಅನ್ನೋದು ಎಷ್ಟೋ ಸಲ ಈ ಪುಟದಲ್ಲೇ ತೀರ್ಮಾನವಾಗುತ್ತದೆ. ದಲಿತ ಪಾತ್ರಗಳನ್ನು ಕಾದಂಬರಿಯಲ್ಲಿ ಹೇಗೆ ಕಂಡಿದ್ದಾರೆ ಎಂದು ಕೇಳಿದವರು, ನಮ್ಮ ಪಾತ್ರಗಳನ್ನು ನಾವೇ ಅರ್ಜಿಯಲ್ಲಿ ಹೇಗೆ ಕಾಣಿಸುತ್ತಿದ್ದೇವೆ ಎಂದೂ ಕೇಳಬೇಕಲ್ಲವೆ?

ಈ ಲ್ಯಾಬುಗಳ ವಿಚಾರ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇನ್ನೂ ಪೂರ್ತಿಯಾಗದ ಚಿತ್ರಕಥೆಯನ್ನು ಹಿಡಿದುಕೊಂಡು ಬಂದ ಕೆಲವೇ ಮಂದಿಯನ್ನು ಆರಿಸಿ, ಅನುಭವಸ್ಥ ಬರಹಗಾರರ ಜೊತೆ ಕೂರಿಸಿ ತಿದ್ದಿಸುವ ಏರ್ಪಾಡು ಇದು. ನಮ್ಮಲ್ಲಿ ಎನ್‌ಎಫ್‌ಡಿಸಿ 2007ರಲ್ಲಿ ಇಂಥದೊಂದನ್ನು ಶುರುಮಾಡಿತು. 'ದಿ ಲಂಚ್‌ಬಾಕ್ಸ್' ಚಿತ್ರಕಥೆ ಅಲ್ಲಿ ಕೂತು ಎದ್ದು ಬಂದದ್ದು. ಅಮೆರಿಕದ ಸನ್‌ಡ್ಯಾನ್ಸ್ ಸಂಸ್ಥೆಯವರು ಮೊದಲ ಸುತ್ತಿನಲ್ಲಿ ಇಡೀ ಚಿತ್ರಕಥೆಯನ್ನು ಓದುವುದಿಲ್ಲ. ಕತೆಯ ಸಾರಾಂಶ, ಬರೆದವರ ಹೇಳಿಕೆ, ಚಿತ್ರಕಥೆಯ ಮೊದಲ ಐದು ಪುಟ, ಇಷ್ಟನ್ನು ನೋಡಿ ಮುಂದಕ್ಕೆ ಕರೆಯುವ ಪದ್ಧತಿ ಅಲ್ಲಿಯದು. ಅಂದರೆ ನೂರು ಪುಟ ಬರೆದವನ ಹಣೆಬರಹ ಎರಡು ಪುಟದ ಮೇಲೆ ನಿಂತಿರುತ್ತದೆ.

ಮೊದಲು ಸಾರಾಂಶದ ಮಾತು. ನಮ್ಮ ಹುಡುಗರ ಸಾರಾಂಶಗಳನ್ನು ಓದುವಾಗ ನಾನೊಂದು ಕೆಲಸ ಮಾಡುತ್ತೇನೆ. ಪೆನ್ಸಿಲ್ ಹಿಡಿದು ಮುಖ್ಯಪಾತ್ರದ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆಯುತ್ತಾ ಹೋಗುತ್ತೇನೆ. ನರಳುತ್ತಾನೆ, ಅನುಭವಿಸುತ್ತಾನೆ, ಬಲಿಯಾಗುತ್ತಾನೆ, ಸಿಲುಕುತ್ತಾನೆ, ತತ್ತರಿಸುತ್ತಾನೆ. ಇವೇ ಸಾಲಾಗಿ ಸಿಕ್ಕಿದರೆ ಅಲ್ಲಿ ಕತೆ ಇನ್ನೂ ಹುಟ್ಟಿಲ್ಲ ಎಂದು ಅರ್ಥ. ಇವು ಯಾವುವೂ ಆ ಮನುಷ್ಯ ಮಾಡಿದ್ದಲ್ಲ, ಅವನಿಗೆ ಆದದ್ದು.

ಎಲ್ಲರಿಗೂ ಗೊತ್ತಿರುವ ಚೋಮನನ್ನೇ ತಗೊಳ್ಳಿ. ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಸಿನಿಮಾ 1975ರದು. ಇವತ್ತು ಯಾರಾದರೂ ಅದನ್ನು ಲ್ಯಾಬಿಗೆ ಕಳಿಸುವುದಾದರೆ ಒಂದು ವಾಕ್ಯದ ಲಾಗ್‌ಲೈನ್ ಹೇಗೆ ಬರೆಯುತ್ತಾರೆ? 'ಜಾತಿವ್ಯವಸ್ಥೆಯ ಕ್ರೌರ್ಯಕ್ಕೆ ಬಲಿಯಾದ ಬಡ ಹೊಲೆಯನೊಬ್ಬನ ದಾರುಣ ಬದುಕಿನ ಚಿತ್ರಣ.' ಸುಳ್ಳಲ್ಲ. ಆದರೆ ಈ ವಾಕ್ಯವನ್ನು ನೂರು ಸಿನಿಮಾಗಳ ಮೇಲೆ ಅಂಟಿಸಬಹುದು. ಈಗ ಇನ್ನೊಂದು ನೋಡಿ: 'ಉಳುವ ಹಕ್ಕೇ ಇಲ್ಲದ ಹೊಲೆಯನೊಬ್ಬ ಒಂದು ಜೋಡಿ ಎತ್ತು ಸಾಕಿಕೊಂಡು, ಒಡೆಯನ ಮುಂದೆ ನಿಂತು ಗೇಣಿಗೆ ಭೂಮಿ ಕೇಳುತ್ತಾನೆ, ಸಾಲ ಅವನ ಮಕ್ಕಳನ್ನು ಒಬ್ಬೊಬ್ಬರಾಗಿ ಕಿತ್ತುಕೊಳ್ಳುತ್ತಿದ್ದರೂ ಎತ್ತುಗಳನ್ನು ಮಾರಲು ಒಪ್ಪುವುದಿಲ್ಲ.' ಇಲ್ಲಿ ಚೋಮ ಸಾಕುತ್ತಾನೆ, ಕೇಳುತ್ತಾನೆ, ಒಪ್ಪುವುದಿಲ್ಲ. ಮೂರು ಕ್ರಿಯೆ. ಎತ್ತು ಇದೆ, ನೆಲ ಇಲ್ಲ ಅನ್ನೋ ಒಂದು ಚಿತ್ರದಲ್ಲೇ ಜಾತಿಯ ಪೂರ್ತಿ ಲೆಕ್ಕಾಚಾರ ಕೂತಿದೆ. 'ಕ್ರೌರ್ಯ' ಅನ್ನೋ ಪದ ಬೇಕಾಗಲಿಲ್ಲ. ಚೋಮನನ್ನು ಕಂಡು ಅಯ್ಯೋ ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವನು ಏನು ಕೇಳಿದ ಅನ್ನೋದನ್ನು ಮರೆತು ಅಯ್ಯೋ ಅನ್ನುವುದು ಸುಲಭ.

ಈಗ ಒಂದು ನಿಜವಾದ ಅರ್ಜಿಯ ವಿಷಯಕ್ಕೆ ಬರೋಣ. ಮೈಸೂರು ಸೀಮೆಯ ಹುಡುಗಿಯೊಬ್ಬಳು ತನ್ನ ಪುಟಗಳನ್ನು ತಂದಿದ್ದಳು. ಕತೆಯನ್ನು ಇಲ್ಲಿ ಹೇಳಲು ಅವಳ ಒಪ್ಪಿಗೆ ಇದೆ. ನಾಯಕ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅವನಪ್ಪ ಊರ ಕುಳುವಾಡಿ. ಯಾರೇ ಸತ್ತರೂ ಸುತ್ತಲ ಏಳು ಹಳ್ಳಿಗೆ ನಡೆದುಹೋಗಿ, ನೆಂಟರ ಮನೆಯ ಹೊಸಿಲಾಚೆ ನಿಂತು ಸುದ್ದಿ ಹೇಳಿ ಬರುವುದು ಅವನ ಪಾಲಿನ ಕೆಲಸ. ಈಗ ಮನೆಗೊಂದಲ್ಲ, ಆಳಿಗೊಂದು ಫೋನು. ಸತ್ತ ಐದೇ ನಿಮಿಷಕ್ಕೆ ಏಳು ಹಳ್ಳಿಗೂ ಗೊತ್ತು. ಆದರೂ ಕುಳುವಾಡಿ ನಡೆಯಬೇಕು. ಸುದ್ದಿಗಲ್ಲ, ನಡೆಯುವುದಕ್ಕೇ. ಅಪ್ಪ ಕಾಲು ಮುರಿದುಕೊಂಡು ಮಲಗಿದಾಗ ಯಜಮಾನರ ಮನೆಯಲ್ಲಿ ಸಾವಾಗುತ್ತದೆ, ಮಗನನ್ನು ಕರೆಸುತ್ತಾರೆ. ಅವನು ಕೂತಲ್ಲಿಂದಲೇ ಏಳು ಹಳ್ಳಿಗೂ ಫೋನು ಮಾಡಿ ಮುಗಿಸುತ್ತಾನೆ. ಊರು ಆ ಮನೆಗೆ ಬಹಿಷ್ಕಾರ ಹಾಕುತ್ತದೆ.

ಇಂಥ ಕತೆ ಇಟ್ಟುಕೊಂಡು ಅವಳು ಬರೆದ ಮೊದಲ ಸಾಲು: 'ಸಾವಿರಾರು ವರ್ಷಗಳಿಂದ ಶೋಷಣೆಗೆ ಒಳಗಾದ ಸಮುದಾಯವೊಂದರ ಮೂಕವೇದನೆ.' ಕೊನೆಯ ಸಾಲು: 'ಮುಂದೇನಾಗುತ್ತದೆ ಎಂಬುದನ್ನು ತೆರೆಯ ಮೇಲೆ ನೋಡಬೇಕು.' ಫೋನು ಮಾಡಿದ ಸಂಗತಿ ನಡುವೆ ಎಲ್ಲೋ ಅರ್ಧ ವಾಕ್ಯದಲ್ಲಿ ಹುದುಗಿತ್ತು.

'ಕೊನೇಲಿ ಏನಾಗ್ತದವ್ವ?' ಅಂದೆ.

'ಅದ ಬರುದ್ರೆ ಕುತೂಹಲ ಹೊಂಟೋಯ್ತದಲ್ಲಣ್ಣ.'

'ಓದೋರು ಟಿಕೆಟ್ ತಗೊಂಡು ಬಂದೋರಲ್ಲ ಕಣವ್ವ. ನೀನು ಕತೆ ಮುಗಿಸಬಲ್ಲೆಯೋ ಇಲ್ಲವೋ ಅಂತ ನೋಡೋಕೆ ಕುಂತೋರು.'

ಸಾರಾಂಶಕ್ಕೂ ಪೋಸ್ಟರಿನ ಮಾತಿಗೂ ಇರುವ ವ್ಯತ್ಯಾಸ ಇದೇ. ಸಾರಾಂಶದಲ್ಲಿ ಅಂತ್ಯವನ್ನು ಬಚ್ಚಿಟ್ಟರೆ ಓದುವವನಿಗೆ ಕುತೂಹಲ ಹುಟ್ಟುವುದಿಲ್ಲ, ಅನುಮಾನ ಹುಟ್ಟುತ್ತದೆ. ಆಮೇಲೆ ಅವಳು ಹೇಳಿದಳು. ಬಹಿಷ್ಕಾರದ ದಿನಗಳಲ್ಲೇ ಅಪ್ಪ ಸಾಯುತ್ತಾನೆ. ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ. ಆಗ ಮಗ ಎದ್ದು ಏಳು ಹಳ್ಳಿಗೂ ನಡೆಯುತ್ತಾನೆ. ನಲವತ್ತು ವರ್ಷ ಅಪ್ಪ ಯಾವ ಯಾವ ಬಾಗಿಲ ಮುಂದೆ ನಿಂತು ಅವರವರ ಸಾವಿನ ಸುದ್ದಿ ಹೇಳಿದ್ದನೋ ಅದೇ ಬಾಗಿಲುಗಳ ಮುಂದೆ ನಿಂತು ಅಪ್ಪನ ಸಾವಿನ ಸುದ್ದಿ ಹೇಳುತ್ತಾನೆ. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಡೀ ಸಿನಿಮಾ ಇದ್ದದ್ದೇ ಅಲ್ಲಿ, ಪುಟದಲ್ಲಿ ಮಾತ್ರ ಇರಲಿಲ್ಲ.

ತಿದ್ದಿದ ಸಾರಾಂಶ ವರ್ತಮಾನ ಕಾಲದಲ್ಲಿ, ಪ್ರಥಮ ಪುರುಷದಲ್ಲಿ ಇಂಗ್ಲಿಷಿನ ನಾನೂರು ಪದಕ್ಕೆ ನಿಂತಿತು. ಹನ್ನೆರಡು ಪಾಯಿಂಟಿನ ಅಕ್ಷರದಲ್ಲಿ ಒಂದು ಪುಟ ಅಂದರೆ ಹೆಚ್ಚುಕಡಿಮೆ ಅಷ್ಟೇ. ಅಕ್ಷರ ಕಿರಿದು ಮಾಡಿ, ಅಂಚು ಒತ್ತಿ, ಎಂಟುನೂರು ಪದ ತುರುಕುವವರಿದ್ದಾರೆ. ದಿನಕ್ಕೆ ಹತ್ತಾರು ಅರ್ಜಿ ಓದುವವನ ಕಣ್ಣಿಗೆ ಅದು ಮೊದಲ ನೋಟದಲ್ಲೇ ತಿಳಿಯುತ್ತದೆ. ಅವಳು ಹಾಸ್ಟೆಲಿನ ಗೆಳತಿ, ಪಂಚಾಯ್ತಿ ಚುನಾವಣೆಯ ಉಪಕತೆ, ಎರಡನ್ನೂ ಕೈಬಿಟ್ಟಳು. ಅವು ಚಿತ್ರಕಥೆಯಲ್ಲಿ ಇರಲಿ, ಪುಟದಲ್ಲಿ ಬೇಡ. ಹೆಸರಿಟ್ಟ ಪಾತ್ರಗಳು ಮೂರೇ ಉಳಿದವು. ಫೋನಿನ ಸಂಗತಿ ಎರಡನೆಯ ಪ್ಯಾರಾಕ್ಕೆ ಬಂತು.

ಹೇಳಿಕೆಯ ಪುಟ ಇದಕ್ಕಿಂತ ಕಷ್ಟದ್ದು. 'ಈ ಕತೆಯನ್ನು ನೀವೇ ಯಾಕೆ ಹೇಳಬೇಕು?' ಎಂದು ಅಲ್ಲಿ ಕೇಳಿರುತ್ತಾರೆ. ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಾರೆ. ಆದರೆ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಸರ್ಟಿಫಿಕೇಟಿಗೆ ನಿಂತು ಬೆಳೆದ ನಮ್ಮ ಕಿವಿಗೆ ಅದು ಬೇರೆ ಥರ ಕೇಳಿಸುತ್ತದೆ. ನೋವಿನ ದಾಖಲೆ ತಾ ಅಂದ ಹಾಗೆ. ಆಗ ನಾವು ಅವಮಾನಗಳ ಪಟ್ಟಿ ಒಪ್ಪಿಸುತ್ತೇವೆ: ಶಾಲೆಯಲ್ಲಿ ಹಿಂಗಾಯ್ತು, ಹೋಟೆಲಿನಲ್ಲಿ ಹಂಗಾಯ್ತು. ಓದುವವರಲ್ಲಿ ಕೆಲವರಿಗೆ ಇದೇ ರುಚಿ ಅನ್ನೋದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನೋವು ಇದೆ ಅಂದಮಾತ್ರಕ್ಕೆ ಈ ಚಿತ್ರಕಥೆಯನ್ನು ಬರೆಯಬಲ್ಲಿರಿ ಎಂದಾಗುವುದಿಲ್ಲ. ನನ್ನ ಮಟ್ಟಿಗೆ ಆ ಪ್ರಶ್ನೆಯ ಅರ್ಥ ಬೇರೆ. ಈ ಲೋಕದಲ್ಲಿ ನಿನ್ನ ಕಣ್ಣಿಗೆ ಮಾತ್ರ ಬಿದ್ದದ್ದು ಏನು?

ಹುಡುಗಿಯ ಮೊದಲ ಹೇಳಿಕೆಯಲ್ಲಿ ಅಂಬೇಡ್ಕರ್ ಇದ್ದರು, ಸಂವಿಧಾನ ಇತ್ತು, ಅವಳ ತಾತ ಇರಲಿಲ್ಲ. ತಾತ ಕುಳುವಾಡಿಯಾಗಿದ್ದವನು ಅಂತ ಮಾತಿನ ನಡುವೆ ಗೊತ್ತಾಯಿತು. ಅವನು ಸುದ್ದಿ ಹೇಳುವ ಮೊದಲು ಏನು ಮಾಡುತ್ತಿದ್ದ ಅಂತ ಕೇಳಿದೆ. ಹೊಸಿಲಿಂದ ಇಷ್ಟು ದೂರ ಅಂತ ನಿಲ್ಲುತ್ತಿದ್ದ, ಮನೆಯ ಹೆಂಗಸರು ಕೈಲಿರುವ ಪಾತ್ರೆ ಕೆಳಗಿಡುವ ತನಕ ಬಾಯಿ ಬಿಡುತ್ತಿರಲಿಲ್ಲ ಅಂದಳು. ಯಾಕೆ? ಕೇಳಿದ ಕೂಡಲೆ ಕೈಯಿಂದ ಜಾರಿ ಒಡೆದರೆ ಅದೂ ಅವನ ತಲೆಗೇ ಬರುತ್ತಿತ್ತಂತೆ. ಆಯಕ್ಕೆ ಅಂತ ಕೊಡುವ ರಾಗಿಯನ್ನು ಸಾವಿನ ಮನೆಯಲ್ಲಿ ಕೇಳುತ್ತಿರಲಿಲ್ಲ, ಹಬ್ಬದ ದಿನ ಬಂದು ಕೇಳುತ್ತಿದ್ದನಂತೆ. ಇದನ್ನು ಯಾವ ಸಂಶೋಧಕನೂ ಅವಳಿಗಿಂತ ಚೆನ್ನಾಗಿ ಹೇಳಲಾರ. ಪಾತ್ರೆ ಕೆಳಗಿಡುವ ತನಕ ಕಾಯುವ ಮನುಷ್ಯ ಹೇಳಿಕೆಯ ಮೊದಲ ಸಾಲಿಗೆ ಬಂದ. ಅಂಬೇಡ್ಕರ್ ಪುಟದಿಂದ ಹೋದರು ಎಂದು ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ, ಫೋನು ಮಾಡಿದ ಮಗನಲ್ಲಿ ಅವರು ಇದ್ದೇ ಇದ್ದಾರೆ.

ಹೇಳಿಕೆಯ ಇನ್ನರ್ಧವನ್ನು ನಮ್ಮವರು ಬರೆಯುವುದೇ ಇಲ್ಲ. ಚಿತ್ರಕಥೆಯಲ್ಲಿ ಇನ್ನೂ ಏನು ಬಗೆಹರಿದಿಲ್ಲ, ಲ್ಯಾಬಿನಲ್ಲಿ ಯಾವುದರ ಮೇಲೆ ಕೆಲಸ ಮಾಡಬೇಕು ಅನ್ನುವ ಭಾಗ. ಕೊರತೆ ಹೇಳಿಕೊಂಡರೆ ಅನರ್ಹರು ಅಂದುಬಿಡುತ್ತಾರೆ ಎಂಬ ಹೆದರಿಕೆ. ಈ ಹೆದರಿಕೆ ಎಲ್ಲಿಂದ ಬಂತು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಲ್ಯಾಬು ಇರುವುದೇ ಮುಗಿಯದ ಚಿತ್ರಕಥೆಗೆ. 'ನನ್ನ ಚಿತ್ರಕಥೆ ಸಿದ್ಧವಾಗಿದೆ, ಅವಕಾಶ ಕೊಡಿ' ಎಂದು ಬರೆದರೆ, ಸಿದ್ಧವಾಗಿದ್ದರೆ ಇಲ್ಲಿಗೇಕೆ ಬಂದೆ ಅಂತಾರೆ. 'ಎರಡನೆಯ ಅಂಕ ಬಿಗಿ ಮಾಡಬೇಕು' ಎಂಬ ಸಡಿಲ ಮಾತೂ ಸಾಲದು. ಸಮಸ್ಯೆಗೆ ಹೆಸರಿಡಬೇಕು.

ಅವಳ ಸಮಸ್ಯೆ ಅಪ್ಪ. ಅವನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆ. ಏಳು ಹಳ್ಳಿಯಲ್ಲಿ ತನ್ನ ದನಿಯ ಗುರುತು ಸಿಗದ ಮನೆ ಇಲ್ಲ ಅಂತಾನೆ. ಮಗನಿಗೆ ಅದು ಜೀತ. ತಮಟೆ ಬಿಡಬೇಕೋ ಉಳಿಸಿಕೊಳ್ಳಬೇಕೋ ಅನ್ನುವ ನಮ್ಮ ಚಳವಳಿಯ ಹಳೆಯ ಜಗಳವೇ ಇದು. ಚಿತ್ರಕಥೆಯಲ್ಲಿ ಮಗನಿಗೆ ನಾಲ್ಕು ದೊಡ್ಡ ಮಾತು ಇದ್ದವು, ಅಪ್ಪ ಕೆಮ್ಮುತ್ತಾ ಮಲಗಿದ್ದ. ಅಪ್ಪನ ಹೆಮ್ಮೆಗೆ ತೂಕ ಬರದಿದ್ದರೆ ಕೊನೆಯಲ್ಲಿ ಮಗ ನಡೆಯುವುದು ಊರಿಗೆ ಸೋತಂತೆ ಕಂಡುಬಿಡುತ್ತದೆ. ಆ ನಡಿಗೆ ಸೋಲೋ, ಸೇಡೋ, ಅಪ್ಪನ ವಿದ್ಯೆಗೆ ಕೊಟ್ಟ ಮರ್ಯಾದೆಯೋ? ಅವಳಿಗೇ ಸ್ಪಷ್ಟವಿರಲಿಲ್ಲ. 'ಅದನ್ನೇ ಬರಿ' ಅಂದೆ.

ಇನ್ನು ಭಾಷೆ. ಇವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಕೊಡಬೇಕು. ಅಲ್ಲಿ ಕುಳುವಾಡಿ ಏನಾಗುತ್ತಾನೆ? ಗೆಳೆಯರೊಬ್ಬರು 'ಅಸ್ಪೃಶ್ಯ ದೂತ' ಎಂಬ ಅರ್ಥ ಬರುವ ಇಂಗ್ಲಿಷ್ ಮಾತು ಹಾಕಿಕೊಟ್ಟಿದ್ದರು. ದೂತ ಅಂದರೆ ರಾಜರ ಆಸ್ಥಾನ ನೆನಪಾಗುತ್ತದೆ, ಅಸ್ಪೃಶ್ಯ ಅಂದರೆ ಮನುಷ್ಯನ ಕೆಲಸ ಮರೆಯಾಗಿ ಮೈಲಿಗೆ ಮಾತ್ರ ಉಳಿಯುತ್ತದೆ. ಕುಳುವಾಡಿ ಅನ್ನೋ ಪದವನ್ನು ಹಾಗೇ ಇಟ್ಟು, ಅದೇ ವಾಕ್ಯದಲ್ಲಿ 'ಸಾವಿನ ಸುದ್ದಿ ಹೊತ್ತು ನಡೆಯುವವನು, ಆದರೆ ಯಾರ ಮನೆಯೊಳಗೂ ಕಾಲಿಡುವಂತಿಲ್ಲದವನು' ಎಂದು ಒಮ್ಮೆ ಬಿಡಿಸಿದರೆ ಸಾಕು, ಮುಂದೆ ಓದುವವನೇ ಆ ಪದವನ್ನು ಕಲಿತುಕೊಳ್ಳುತ್ತಾನೆ. ಅಡಿಟಿಪ್ಪಣಿ ಬೇಡ. ಇಂಥ ಒಂದು ಪುಟದಲ್ಲಿ ಹೊಸ ಪದಗಳು ಎರಡು ಮೂರಕ್ಕಿಂತ ಹೆಚ್ಚಾಗಬಾರದು. ಅವಳು ಕುಳುವಾಡಿಯನ್ನೂ ಆಯವನ್ನೂ ಇಟ್ಟುಕೊಂಡಳು. ಉಳಿದ ಪದಗಳು ಚಿತ್ರಕಥೆಯ ಮಾತುಗಳಲ್ಲಿ ಕಾದಿವೆ.