ಬ್ಲೂಟೂತ್‌ನಲ್ಲಿ ವೀಣೆ ಕೇಳುವವರಿಗೆ

ಕಂಪಲಾಪುರದಿಂದ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಕೂತು ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳುತ್ತಿದ್ದೀರಿ ಎನ್ನಿ. ಕಿವಿಗೆ ಬರುವ ನಾದ ಫೋನಿನಲ್ಲಿರುವಷ್ಟು ಪೂರ್ಣವಲ್ಲ. ಬ್ಲೂಟೂತ್‌ನ ಹಾದಿ ಕಿರಿದು, ಹಾಗಾಗಿ ಫೋನು ಅದನ್ನು ಕುಗ್ಗಿಸಿ ಕಳಿಸುತ್ತದೆ, ಇಯರ್‌ಫೋನು ಬಿಚ್ಚಿಕೊಳ್ಳುತ್ತದೆ. ಈ ಕುಗ್ಗಿಸಿ ಬಿಚ್ಚುವ ಕ್ರಮವೇ ಕೋಡೆಕ್.

ಎಲ್ಲ ಸ್ಟೀರಿಯೋ ಸಾಧನಗಳಲ್ಲೂ ಇರಲೇಬೇಕಾದದ್ದು ಎಸ್‌ಬಿಸಿ. ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಕಳಿಸುತ್ತದೆ. ಐಫೋನು ಎಎಸಿಯನ್ನು ಬಳಸುತ್ತದೆ. ಆಂಡ್ರಾಯ್ಡ್‌ನಲ್ಲಿ ಅದೇ ಎಎಸಿಯ ಗುಣ ಫೋನಿನಿಂದ ಫೋನಿಗೆ ಬದಲಾಗುತ್ತದೆ. ಸೋನಿಯ ಎಲ್‌ಡಿಎಸಿ 990ರವರೆಗೆ ಏರಬಲ್ಲದು. ಆದರೆ ಫೋನು, ಇಯರ್‌ಫೋನು ಎರಡಕ್ಕೂ ಗೊತ್ತಿರುವ ಕೋಡೆಕ್ ಮಾತ್ರ ನಡೆಯುತ್ತದೆ. ಎರಡಕ್ಕೂ ಗೊತ್ತಿರುವುದು ಬೇರೇನೂ ಇಲ್ಲದಿದ್ದರೆ ಎಸ್‌ಬಿಸಿಗೇ ಬಂದು ನಿಲ್ಲುತ್ತದೆ, ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ. ಆಂಡ್ರಾಯ್ಡ್‌ನ Developer options ಒಳಗೆ Bluetooth audio codec ಎಂಬಲ್ಲಿ ಯಾವುದು ನಡೆಯುತ್ತಿದೆ ಎಂದು ನೋಡಬಹುದು.

ಕಿವಿಯಿಂದ ಹಿಡಿಯಬೇಕಾದರೆ ವೀಣೆಯ ಮೀಟನ್ನು ಗಮನಿಸಿ. ಬಿಟ್ ಸಾಲದೆ ಹೋದಾಗ ಮೀಟಿನ ಚುರುಕು ಮೊಂಡಾಗುತ್ತದೆ, ಮೃದಂಗದ ಛಾಪು ಒಡೆದಂತಾಗುತ್ತದೆ. ಸಭೆಯ ಚಪ್ಪಾಳೆ ಸುಯ್ಯೆನ್ನುವ ಸದ್ದಾಗಿ ಕಲಸಿಹೋಗುತ್ತದೆ. ನನ್ನ ಮಟ್ಟಿಗೆ, 328ರ ಎಸ್‌ಬಿಸಿ ಬಸ್ಸಿನ ಗದ್ದಲದಲ್ಲಿ ಸಾಕೇ ಸಾಕು. ಎಲ್‌ಡಿಎಸಿಯ ಬೆಲೆ ತಿಳಿಯುವುದು ಮನೆಯ ನಿಶ್ಶಬ್ದದಲ್ಲಿ, ಮೂಲ ಧ್ವನಿಮುದ್ರಣವೂ ಚೆನ್ನಾಗಿದ್ದಾಗ. ಮೂಲದಲ್ಲೇ ಕುಗ್ಗಿಹೋದದ್ದನ್ನು ಯಾವ ಕೋಡೆಕ್ಕೂ ಮರಳಿ ತರಲಾರದು. ಮೇಲಾಗಿ, ಫೋನು ಎದುರು ಬದಿಯ ಜೇಬಿನಲ್ಲಿದ್ದರೆ ನಿಮ್ಮ ಮೈಯೇ ಅಲೆಯನ್ನು ತಡೆಯುತ್ತದೆ. 990ಕ್ಕೆ ಪಟ್ಟುಹಿಡಿದರೆ ಆಗ ನಾದ ತುಂಡಾಗುತ್ತದೆ.

ಇನ್ನು ತಡ. ಎಸ್‌ಬಿಸಿ, ಎಎಸಿಗಳಲ್ಲಿ ಸುಮಾರು 200 ಮಿಲಿಸೆಕೆಂಡು ತಡವಾಗುವುದು ಸಾಮಾನ್ಯ. ಅದರಲ್ಲಿ ಹೆಚ್ಚಿನ ಪಾಲು ಕುಗ್ಗಿಸುವ ಹೊತ್ತಲ್ಲ. ಸಿಗ್ನಲ್ ಕ್ಷಣಕಾಲ ತಪ್ಪಿದರೂ ಹಾಡು ನಿಲ್ಲದಿರಲೆಂದು ಇಯರ್‌ಫೋನು ಕೂಡಿಟ್ಟುಕೊಳ್ಳುವ ಶಬ್ದ. ಎಲ್‌ಡಿಎಸಿಯಿಂದ ಗುಣ ಹೆಚ್ಚಬಹುದು, ತಡ ಕಡಿಮೆಯಾಗದು. ತಡ ಕಡಿಮೆ ಮಾಡಲೆಂದೇ ಬಂದ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ 40ರ ಆಸುಪಾಸಿಗೆ ಇಳಿಯುತ್ತದೆ, ಅದಕ್ಕೂ ಎರಡೂ ಕಡೆ ಬೆಂಬಲ ಬೇಕು.

ಕೇಳುವಾಗ ಈ ತಡ ತಿಳಿಯುವುದೇ ಇಲ್ಲ. ತಂಬೂರಿ ಆ್ಯಪಿನ ಶ್ರುತಿಗೂ ತೊಂದರೆಯಿಲ್ಲ, ಕೇಳಿದ್ದಕ್ಕೇ ದನಿ ಸೇರಿಸುತ್ತೀರಿ. ತೊಂದರೆ ನುಡಿಸುವವರಿಗೆ. ಅಕ್ಷರಕ್ಕೊಂದು ಸೆಕೆಂಡಿನ ಆದಿತಾಳದಲ್ಲಿ ಸರಳೆ ವರಸೆಯ ಮೂರನೆಯ ಕಾಲವನ್ನು ಫೋನಿನ ಕೀಬೋರ್ಡ್ ಆ್ಯಪಿನಲ್ಲಿ ನುಡಿಸಿ ನೋಡಿ. ಒಂದು ಅಕ್ಷರಕ್ಕೆ ನಾಲ್ಕು ಸ್ವರ, ಸ್ವರಕ್ಕೆ 250 ಮಿಲಿಸೆಕೆಂಡು. 200 ತಡವಾದರೆ ಬೆರಳು 'ರಿ'ಗೆ ಹೋಗುವ ಹೊತ್ತಿಗೆ 'ಸ' ಕೇಳುತ್ತದೆ. ಇಲ್ಲಿ ತಂತಿಯ ಇಯರ್‌ಫೋನೇ ಬೇಕು.

ಆನ್‌ಲೈನ್ ಪಾಠದಲ್ಲಿ ಇಯರ್‌ಫೋನಿನ ಮೈಕು ತೆರೆದರೆ ಇನ್ನೊಂದು ಪೆಟ್ಟು. ಆಗ ಸಾಮಾನ್ಯವಾಗಿ ಸಂಪರ್ಕ ಫೋನ್ ಕರೆಯ ಕ್ರಮಕ್ಕೆ ಜಾರಿ, ಗುರುಗಳ ವೀಣೆ ಸ್ಟೀರಿಯೋ ಕಳೆದುಕೊಂಡು ಸಪ್ಪೆ ಸದ್ದಾಗುತ್ತದೆ. ಮೈಕನ್ನು ಫೋನಿನದ್ದೇ ಆರಿಸಿ, ಕೇಳಲು ಮಾತ್ರ ಬ್ಲೂಟೂತ್ ಇಟ್ಟುಕೊಳ್ಳಿ. ಆ್ಯಪು ಅದಕ್ಕೆ ಅವಕಾಶ ಕೊಡದಿದ್ದರೆ ತಂತಿಯದ್ದನ್ನು ಹಾಕಿ.