ಮಾಸ್ಕ್‌ಗೆ ಗೊತ್ತಿರುವುದು ಜಾಗ ಮಾತ್ರ

ಕರಾವಳಿಯ ಎರಡಂತಸ್ತಿನ ಮನೆಯೊಂದನ್ನು ತೆಗೆದುಕೊಳ್ಳೋಣ. ಕೆಳಗಿನ ಗೋಡೆಗೆ ಮುರಕಲ್ಲು, ಮೇಲಿನದಕ್ಕೆ ಸುಣ್ಣದ ಗಾರೆ, ಚಾವಣಿಗೆ ಮಂಗಳೂರು ಹಂಚು. ಮೂರನ್ನೂ ಒಂದೇ ಪ್ರಾಂಪ್ಟ್‌ನಲ್ಲಿ ಬರೆದು ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್‌ಗೆ ಕೊಟ್ಟರೆ ಹಂಚಿನ ಕೆಂಪು ಗಾರೆಗೂ ಹತ್ತುವುದು ಸಾಮಾನ್ಯ. ಅದಕ್ಕೇ ಪ್ರತಿ ಭಾಗಕ್ಕೂ ಬೇರೆ ಮಾಸ್ಕ್, ಪ್ರತಿ ಮಾಸ್ಕ್‌ಗೂ ಬೇರೆ ಪ್ರಾಂಪ್ಟ್ ಕೊಟ್ಟು ಇಡೀ ಚಿತ್ರವನ್ನು ಒಂದೇ ಸಲಕ್ಕೆ ಮೂಡಿಸುವ ಕ್ರಮ ಬಂದಿದೆ. ಮೂರು ಆಯಾಮದ ಮಾದರಿಯಲ್ಲಿ ಒಂದೊಂದು ಸಾಮಗ್ರಿಗೆ ಒಂದೊಂದು ಚಪ್ಪಟೆ ಬಣ್ಣ ಹಚ್ಚಿ, ಅದೇ ನೋಟದ ಚಿತ್ರ ತೆಗೆದರೆ ಮಾಸ್ಕ್‌ಗಳು ಸಿಗುತ್ತವೆ. ಕಟ್ಟಡದ ಆಕಾರವನ್ನು ಕಂಟ್ರೋಲ್‌ನೆಟ್ ಹಿಡಿದಿಡುತ್ತದೆ.

ಈ ಕ್ರಮದ ದೊಡ್ಡ ಗುಣ ಬೆಳಕಿನದು. ಒಂದೊಂದೇ ಭಾಗವನ್ನು ಆಮೇಲೆ ತಿದ್ದುತ್ತ ಹೋದರೆ ಗೋಡೆಗೊಂದು ಬಿಸಿಲು, ಚಾವಣಿಗೊಂದು ಬಿಸಿಲು ಆಗಿಬಿಡುತ್ತದೆ. ಇಲ್ಲಿ ಎಲ್ಲ ಭಾಗಗಳೂ ಒಟ್ಟಿಗೇ ಮೂಡುವುದರಿಂದ ಸೂರಿನ ನೆರಳು ಗಾರೆಯ ಮೇಲೆ ಸಹಜವಾಗಿ ಬೀಳುತ್ತದೆ. ಕಂಫಿಯುಐನಲ್ಲಿ `ConditioningSetMask` ಬಳಸುವಾಗ ಒಂದು ಎಚ್ಚರ ಬೇಕು: ಯಾವ ಮಾಸ್ಕೂ ಮುಚ್ಚದ ಆಕಾಶ, ಅಂಗಳಗಳಿಗೆ ಹಿನ್ನೆಲೆಯ ಪ್ರಾಂಪ್ಟ್ ಕೊಡದಿದ್ದರೆ ಆ ಜಾಗ ಕಲಸುಮೇಲೋಗರವಾಗುತ್ತದೆ. ಸಮಯದ ಉಳಿತಾಯವೂ ತೋರುವಷ್ಟಿಲ್ಲ. ಸಲ ಒಂದೇ ಆದರೂ ಪ್ರತಿ ಹೆಜ್ಜೆಯಲ್ಲೂ ಪ್ರಾಂಪ್ಟಿಗೊಂದರಂತೆ ಲೆಕ್ಕ ನಡೆದು, ಫಲಿತಾಂಶಗಳನ್ನು ಮಾಸ್ಕ್‌ಗೆ ತಕ್ಕಂತೆ ಬೆರೆಸಲಾಗುತ್ತದೆ.

ತೊಡಕು ಅಂಚುಗಳಲ್ಲಿದೆ. 1024 ಪಿಕ್ಸೆಲ್‌ನ ಚಿತ್ರ ಒಳಗೆ ಬದಿಗೆ 128 ಮನೆಗಳ ಜಾಲರಿಯಾಗುತ್ತದೆ, ಅಂದರೆ ಒಂದು ಮನೆಗೆ 8 ಪಿಕ್ಸೆಲ್. ಹತ್ತು ಪಿಕ್ಸೆಲ್ ಅಗಲದ ಕಿಟಕಿ ಚೌಕಟ್ಟಿಗೆ ಮರದ ಮಾಸ್ಕ್ ಹಾಕಿದರೆ ಅದಕ್ಕೆ ನಿಲ್ಲಲು ಜಾಗವೇ ಇಲ್ಲ. ಮರ ಗಾರೆಯೊಳಗೆ ಕರಗುತ್ತದೆ. ಅಂಥ ತೆಳು ಪಟ್ಟಿಗಳನ್ನು ಗೋಡೆಯ ಮಾಸ್ಕ್‌ನಲ್ಲೇ ಬಿಟ್ಟು ಆಮೇಲೆ ತಿದ್ದುವುದು ಮೇಲು.

ಇದಕ್ಕಿಂತ ಗಂಭೀರವಾದದ್ದು ಅಳತೆಯ ಪ್ರಶ್ನೆ. ಮಾಸ್ಕ್ ಎಲ್ಲಿ ಎಂದು ಹೇಳುತ್ತದೆ. ಕಲ್ಲು ಎಷ್ಟು ದೊಡ್ಡದು, ವರಸೆ ಯಾವ ಕಡೆ ಓಡಬೇಕು ಎಂದು ಹೇಳುವುದಿಲ್ಲ. ನಿಜವಾದ ಕಲ್ಲಿನ ಫೋಟೊವನ್ನು ಐಪಿ-ಅಡಾಪ್ಟರ್ ಮೂಲಕ, `attn_mask` ಹಾಕಿ ಕೊಟ್ಟರೂ ಇದು ಬಗೆಹರಿಯದು. ಸಾಮಾನ್ಯವಾಗಿ ಆ ಫೋಟೊ 224 ಪಿಕ್ಸೆಲ್‌ನ ಚೌಕಕ್ಕೆ ಕುಗ್ಗಿಯೇ ಒಳಗೆ ಹೋಗುತ್ತದೆ. ಬಣ್ಣ, ಒರಟುತನ ದಾಟುತ್ತವೆ. ಸಂದಿನ ಅಗಲ ದಾಟುವುದಿಲ್ಲ. ಹೀಗಾಗಿ ಬಾಗಿಲಿನ ಅರ್ಧದಷ್ಟು ಎತ್ತರದ ಮುರಕಲ್ಲೂ ನಂಬುವಂತೆಯೇ ಕಾಣಬಹುದು. ಬಾಗಿಲಿನ ಎತ್ತರದಲ್ಲಿ ಎಷ್ಟು ವರಸೆ ಬಂದಿವೆ ಎಂದು ಎಣಿಸಿದರೆ ತಪ್ಪು ಸಿಕ್ಕಿಬೀಳುತ್ತದೆ.

ಮಾಸ್ಕ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸೀಡ್ ಬದಲಿಸದೆ ಕಲ್ಲು, ಗಾರೆಗಳ ಪ್ರಾಂಪ್ಟ್‌ಗಳನ್ನಷ್ಟೇ ಅದಲುಬದಲು ಮಾಡಿ ನೋಡಬೇಕು. ಚಾವಣಿಯ ಬೆಳಕು ತುಸು ಬದಲಾದರೆ ಅದು ಸಹಜ. ಹಂಚೇ ಬೇರೆಯಾದರೆ ಸೋರಿಕೆ ಇದೆ ಎಂದರ್ಥ.

ಮುರಕಲ್ಲು ಕೆಳಗಿರಲೋ ಮೇಲಿರಲೋ ಎಂದು ಮನೆಯವರೊಡನೆ ಕೂತು ಮಾತಾಡುವ ಹಂತಕ್ಕೆ ಈ ಕ್ರಮವನ್ನು ನಾನು ಧಾರಾಳವಾಗಿ ಒಪ್ಪುತ್ತೇನೆ. ಕಲ್ಲಿನ ಅಳತೆ ಬರೆದು ಸಹಿ ಹಾಕಿಸಿಕೊಳ್ಳುವ ಹಂತದಲ್ಲಿ ಈ ಚಿತ್ರವನ್ನು ಮುಂದಿಡಬಾರದು. ಅಲ್ಲಿ ಬೇಕಾದದ್ದು ಅಳತೆಯಿರುವ ನಕ್ಷೆ ಮತ್ತು ಕೈಯಲ್ಲಿ ಹಿಡಿದು ನೋಡಬಹುದಾದ ಕಲ್ಲು.