ಮೂರು ಕಾಲಂಗಳ ಹಾಳೆ: ಪರಿಪೂರ್ಣತೆಯ ಹಟಕ್ಕೆ ಅದು ಎಷ್ಟರ ಮಟ್ಟಿನ ಮದ್ದು?

ಪರಿಪೂರ್ಣತೆಯ ಹಟ ಎಂದರೆ ಅಚ್ಚುಕಟ್ಟುತನವೂ ಅಲ್ಲ, ಕೆಲಸದ ಮೇಲಿನ ಪ್ರೀತಿಯೂ ಅಲ್ಲ. ಮನಶ್ಶಾಸ್ತ್ರಜ್ಞರಾದ ರಾಜ್ ಶಾಫ್ರನ್, ಜಾಫ್ರಾ ಕೂಪರ್ ಮತ್ತು ಕ್ರಿಸ್ಟೋಫರ್ ಫೇರ್‌ಬರ್ನ್ 2002ರಲ್ಲಿ ಎತ್ತರದ ಗುರಿಗೂ ಈ ಹಟಕ್ಕೂ ನಡುವೆ ಸ್ಪಷ್ಟವಾದ ಗೆರೆ ಎಳೆದರು. ಅವರ ಪ್ರಕಾರ ಎತ್ತರದ ಗುರಿ ಇಟ್ಟುಕೊಳ್ಳುವುದು ರೋಗವಲ್ಲ. ತನ್ನ ಬೆಲೆಯನ್ನೆಲ್ಲ ಆ ಗುರಿಯೊಂದಕ್ಕೇ ಕಟ್ಟಿಹಾಕಿ, ಎಷ್ಟು ನಷ್ಟವಾದರೂ ಬಿಡದೆ ಅದರ ಹಿಂದೆ ಬೀಳುವುದು ರೋಗ. ಹಾಗೆ ಕಟ್ಟಿಹಾಕಿಕೊಂಡವರಿಗೆ ಗೆಲುವಿನಲ್ಲೂ ಸುಖವಿಲ್ಲ. ಗುರಿ ತಪ್ಪಿದರೆ ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಮುಟ್ಟಿದರೆ ‘ಇದು ಸುಲಭವಿತ್ತು, ಅದಕ್ಕೇ ಆಯಿತು’ ಎಂದು ಗುರಿಯನ್ನು ಇನ್ನೂ ಮೇಲಕ್ಕೆ ಎತ್ತುತ್ತಾರೆ. ಹೀಗಾಗಿ ಈ ಲೆಕ್ಕದಲ್ಲಿ ಖರ್ಚು ಮಾತ್ರ ಬರೆಯಲಾಗುತ್ತದೆ, ಜಮೆ ಎಂದೂ ಬೀಳುವುದಿಲ್ಲ. ಸಣ್ಣ ತಪ್ಪೊಂದು ಇಡೀ ಬದುಕಿನ ಸೋಲಾಗಿ ಕಾಣುವುದಕ್ಕೆ ಕಾರಣ ತಪ್ಪಿನ ಗಾತ್ರವಲ್ಲ, ಈ ಲೆಕ್ಕದ ರೀತಿ.

ಇದಕ್ಕೆ ಬಹಳ ಬಳಕೆಯಲ್ಲಿರುವ ಮದ್ದು ಒಂದು ಹಾಳೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ಚಿಕಿತ್ಸೆಗಾಗಿ ರೂಪಿಸಿದ ಯೋಚನೆಗಳ ದಾಖಲೆಯನ್ನು ಅವರ ಶಿಷ್ಯ ಡೇವಿಡ್ ಬರ್ನ್ಸ್ 1980ರ ‘ಫೀಲಿಂಗ್ ಗುಡ್’ ಪುಸ್ತಕದಲ್ಲಿ ಮೂರು ಕಾಲಂಗಳಿಗೆ ಇಳಿಸಿ ಮನೆಮನೆಗೆ ತಲುಪಿಸಿದರು. ಎಡಗಡೆಯ ಕಾಲಂನಲ್ಲಿ, ತಪ್ಪಾದ ಕ್ಷಣದಲ್ಲಿ ತಲೆಯಲ್ಲಿ ತಾನಾಗಿ ಹೊಳೆದ ಮಾತನ್ನು ಇದ್ದ ಹಾಗೆಯೇ ಬರೆಯಬೇಕು. ನಡುವೆ, ಆ ಮಾತಿನಲ್ಲಿ ಯೋಚನೆ ಎಲ್ಲಿ ಅಡ್ಡದಾರಿ ಹಿಡಿದಿದೆ ಎಂದು ಗುರುತಿಸಬೇಕು: ‘ಎಲ್ಲ ಇಲ್ಲವೇ ಏನೂ ಇಲ್ಲ’ ಎಂಬ ಎಣಿಕೆಯೋ, ಒಂದು ಘಟನೆಯನ್ನು ಹಿಡಿದು ತನಗೇ ಹಣೆಪಟ್ಟಿ ಕಟ್ಟಿಕೊಳ್ಳುವುದೋ. ಬಲಗಡೆ, ಅದಕ್ಕೆ ನಂಬಲು ಸಾಧ್ಯವಾದ ಉತ್ತರ. ಮೊದಲೂ ಕೊನೆಗೂ ಆ ಮಾತಿನ ಮೇಲೆ ಎಷ್ಟು ನಂಬಿಕೆಯಿದೆ ಎಂದು ನೂರಕ್ಕೆ ಇಷ್ಟು ಎಂದು ಹಾಕಬೇಕು.

ಕಲ್ಪಿಸಿಕೊಂಡ ಒಂದು ಪ್ರಸಂಗದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ನೋಡಬಹುದು. ದ್ವಿತೀಯ ಪಿಯುಸಿ ತರಗತಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯೊಬ್ಬರು ಮಸೂರದ ಲೆಕ್ಕ ಬಿಡಿಸುತ್ತಿದ್ದಾರೆ. ಸಂಗಮ ದೂರ 15 ಸೆಂಟಿಮೀಟರ್, ವಸ್ತು 20 ಸೆಂಟಿಮೀಟರ್ ದೂರದಲ್ಲಿದೆ. ವಸ್ತುವಿನ ದೂರಕ್ಕೆ ಹಾಕಬೇಕಾದ ಮೈನಸ್ ಚಿಹ್ನೆ ಬಿಟ್ಟುಹೋಗಿ, 60 ಬರಬೇಕಾದ ಉತ್ತರ ಎಂಟೂವರೆಯ ಹತ್ತಿರ ಬಂದು ನಿಲ್ಲುತ್ತದೆ. ಎರಡನೇ ಬೆಂಚಿನಿಂದ ಒಬ್ಬ ಹುಡುಗ, ‘ಮೇಡಂ, ಅಲ್ಲಿ ಮೈನಸ್ ಬರ್ಬೇಕಲ್ವಾ?’ ಎನ್ನುತ್ತಾನೆ. ಅವರು ಡಸ್ಟರ್‌ನಿಂದ ಒರೆಸಿ ತಿದ್ದುತ್ತಾರೆ, ಪಾಠ ಮುಂದುವರಿಯುತ್ತದೆ. ಹುಡುಗರ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ಉಪನ್ಯಾಸಕಿಯ ತಲೆಯಲ್ಲಿ ಮಾತ್ರ ಸಂಜೆಯವರೆಗೂ ಒಂದೇ ಮಾತು: ‘ಥೂ, ನನ್ನ ಜನ್ಮಕ್ಕಿಷ್ಟು. ಒಂದು ಚಿಹ್ನೆ ಹಾಕೋಕೆ ಬರಲ್ಲ, ನಾನ್ಯಾವ ಸೀಮೆ ಲೆಕ್ಚರರ್ರು!’

ಹಾಳೆಯ ಎಡಗಡೆಗೆ ಈ ಮಾತೇ ಹೋಗಬೇಕು. ‘ನನಗೆ ಬೇಸರವಾಯಿತು’ ಎಂದು ಬರೆದರೆ ಉಪಯೋಗವಿಲ್ಲ, ಏಕೆಂದರೆ ಬೇಸರದೊಂದಿಗೆ ವಾದ ಮಾಡಲು ಆಗುವುದಿಲ್ಲ, ಆರೋಪದೊಂದಿಗೆ ಆಗುತ್ತದೆ. ನಂಬಿಕೆ ನೂರಕ್ಕೆ 90 ಎಂದಿಟ್ಟುಕೊಳ್ಳೋಣ. ನಡುವಿನ ಕಾಲಂನಲ್ಲಿ ಹಣೆಪಟ್ಟಿ ಮತ್ತು ಎಲ್ಲ-ಇಲ್ಲದ ಎಣಿಕೆ ಎರಡೂ ಬರುತ್ತವೆ. ಬಲಗಡೆಯ ಉತ್ತರ ‘ನಾನು ತುಂಬಾ ಒಳ್ಳೆಯ ಟೀಚರ್’ ಎಂದಾದರೆ ಅದು ಉತ್ತರವಲ್ಲ, ಪೂಸಿ. ಬರೆದವರೇ ಅದನ್ನು ನಂಬುವುದಿಲ್ಲ. ನಿಲ್ಲುವ ಉತ್ತರ ಹೀಗಿರುತ್ತದೆ: ‘ಚಿಹ್ನೆ ತಪ್ಪಿದ್ದು ನಿಜ. ಒಂದು ನಿಮಿಷದಲ್ಲಿ ತಿದ್ದಿದ್ದೂ ನಿಜ. ಹುಡುಗ ತಪ್ಪು ಹಿಡಿದ ಎಂದರೆ ಚಿಹ್ನೆಯ ನಿಯಮ ಅವನಿಗೆ ಬಂದಿದೆ. ಅದನ್ನು ಹೇಳಿಕೊಟ್ಟವಳು ನಾನೇ.’ ಇಷ್ಟಾದ ಮೇಲೆ 90 ಇದ್ದದ್ದು 50ಕ್ಕೋ 40ಕ್ಕೋ ಇಳಿಯಬಹುದು. ಸೊನ್ನೆಗೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಹಾಳೆಯ ನಿಜವಾದ ಸಾಧನೆ ಎಡಗಡೆಯ ಕಾಲಂನಲ್ಲೇ ಆಗಿಹೋಗಿರುತ್ತದೆ. ತಲೆಯೊಳಗೆ ಇರುವವರೆಗೂ ಈ ಬೈಗುಳ ಸತ್ಯದ ವೇಷದಲ್ಲಿರುತ್ತದೆ. ಕಾಗದದ ಮೇಲೆ ಬಂದಾಗ ಅದು ಯಾರೋ ಆಡಿದ ಒಂದು ಮಾತಾಗುತ್ತದೆ, ಅದನ್ನು ಪ್ರಶ್ನಿಸಬಹುದು ಎಂಬ ಅರಿವು ಬರುತ್ತದೆ. ನಡುವಿನ ಕಾಲಂ ಅಷ್ಟು ಮುಖ್ಯವಲ್ಲ. ಬರ್ನ್ಸ್ ಕೊಟ್ಟಿರುವ ಹತ್ತು ಬಗೆಯ ಯೋಚನಾ ದೋಷಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದೇ ಮಾತನ್ನು ನಾಲ್ಕು ಹೆಸರಿನಡಿ ಹಾಕಬಹುದು, ಯಾವ ಹೆಸರು ಹಾಕಿದರೂ ಮುಂದಿನ ಕೆಲಸದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ.

ಆದರೆ ಪರಿಪೂರ್ಣತೆಯ ಹಟದವರ ಕೈಗೆ ಈ ಹಾಳೆ ಸಿಕ್ಕಾಗ ಒಂದು ವಿಚಿತ್ರ ನಡೆಯುತ್ತದೆ. ಹಾಳೆಯೇ ಇನ್ನೊಂದು ಪರೀಕ್ಷೆಯಾಗುತ್ತದೆ. ಮೊದಲು ರಫ್ ಬರೆದು ಆಮೇಲೆ ಫೇರ್ ಮಾಡುವುದು, ‘ಇದು ಹಣೆಪಟ್ಟಿಯೋ ಅತಿ ಸಾಮಾನ್ಯೀಕರಣವೋ’ ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಳ್ಳುವುದು, ಒಂದು ದಿನ ಬರೆಯದಿದ್ದರೆ ‘ಇದನ್ನೂ ಸರಿಯಾಗಿ ಮಾಡೋಕಾಗಲಿಲ್ಲ’ ಎಂದು ಪುಸ್ತಕವನ್ನೇ ಮೂಲೆಗೆ ಎಸೆಯುವುದು ಇದರ ಗುರುತುಗಳು. ಇವುಗಳಿಗಿಂತ ಮೋಸದ ಗುರುತು ಇನ್ನೊಂದಿದೆ. ಅಂಕಿ 90ರಿಂದ 40ಕ್ಕೆ ಇಳಿದಿರುತ್ತದೆ, ಆದರೆ ಉಪನ್ಯಾಸಕಿ ಮಾರನೆಯ ದಿನದ ಒಂದು ಗಂಟೆಯ ಪಾಠಕ್ಕೆ ರಾತ್ರಿ ನಾಲ್ಕು ಗಂಟೆ ಕೂತು, ಪ್ರತಿ ಲೆಕ್ಕವನ್ನೂ ಮೂರು ಸಲ ಬಿಡಿಸಿ ನೋಡಿರುತ್ತಾರೆ. ಮಾತು ಬದಲಾಗಿದೆ, ನಡತೆ ಬದಲಾಗಿಲ್ಲ. ಅಲ್ಲಿಗೆ ಮದ್ದು ಹತ್ತಿಲ್ಲವೆಂದೇ ಅರ್ಥ.

ದೋಷ ಇರುವುದು ಇಲ್ಲಿ: ಹಾಳೆ ಆಯಾ ತಪ್ಪಿನ ಮೇಲೆ ವಾದ ಮಾಡುತ್ತದೆ, ಆ ತಪ್ಪನ್ನು ತೂಗುವ ತಕ್ಕಡಿಯನ್ನು ಮುಟ್ಟುವುದಿಲ್ಲ. ‘ಈ ಸಲದ್ದು ಸಣ್ಣ ತಪ್ಪು’ ಎಂಬ ಉತ್ತರದ ಒಳಗೇ ‘ದೊಡ್ಡ ತಪ್ಪಾಗಿದ್ದರೆ ನಾನು ನಿಜವಾಗಿಯೂ ಕೆಲಸಕ್ಕೆ ಬಾರದವಳು’ ಎಂಬ ಒಪ್ಪಿಗೆ ಅಡಗಿದೆ. ಕಟ್ಟುಪಾಡು ಹಾಗೆಯೇ ಉಳಿಯುತ್ತದೆ, ಆ ದಿನದ ಮಟ್ಟಿಗೆ ಆರೋಪಿಗೆ ಜಾಮೀನು ಸಿಗುತ್ತದೆ.

ಈ ಹಟ ಎಷ್ಟು ಗಟ್ಟಿ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಡೆಸಿದ ಖಿನ್ನತೆಯ ಚಿಕಿತ್ಸಾ ಅಧ್ಯಯನದಲ್ಲಿ ಸಾಕ್ಷ್ಯವಿದೆ. ಅದರಲ್ಲಿ ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಸುಮಾರು 16 ವಾರ ಚಿಕಿತ್ಸೆ ಕೊಡಲಾಗಿತ್ತು: ಎರಡು ಬಗೆಯ ಮಾತಿನ ಚಿಕಿತ್ಸೆ, ಒಂದು ಔಷಧಿ, ಒಂದು ಹುಸಿ ಗುಳಿಗೆ. ಸಿಡ್ನಿ ಬ್ಲಾಟ್ ಮತ್ತು ಸಂಗಡಿಗರು 1995ರಲ್ಲಿ ಆ ದತ್ತಾಂಶವನ್ನು ಮತ್ತೆ ಪರಿಶೀಲಿಸಿದಾಗ, ಶುರುವಿನಲ್ಲಿ ಪರಿಪೂರ್ಣತೆಯ ಹಟ ಹೆಚ್ಚಿದ್ದವರು ನಾಲ್ಕೂ ಗುಂಪುಗಳಲ್ಲಿ ಕಡಿಮೆ ಗುಣ ಕಂಡಿದ್ದರು. ಮುಂದಿನ ವಿಶ್ಲೇಷಣೆಯಲ್ಲಿ ಕಂಡದ್ದು ಇನ್ನೂ ಕುತೂಹಲದ್ದು. ಅವರು ಹಿಂದೆ ಬಿದ್ದದ್ದು ಮೊದಲ ವಾರಗಳಲ್ಲಲ್ಲ, ಚಿಕಿತ್ಸೆಯ ಉತ್ತರಾರ್ಧದಲ್ಲಿ. ಮುಗಿಯುವ ದಿನ ಹತ್ತಿರ ಬಂದಂತೆ ‘ಇಷ್ಟರೊಳಗೆ ಗುಣವಾಗಿರಬೇಕಿತ್ತು’ ಎಂಬ ಹೊಸ ಗಡುವು ಅವರನ್ನು ಹಿಡಿಯಿತು ಎಂದು ಊಹಿಸುವುದು ತಪ್ಪಾಗಲಾರದು.

ಆದ್ದರಿಂದಲೇ ಶಾಫ್ರನ್ ಅವರ ದಾರಿಯ ಚಿಕಿತ್ಸಕರು ಹಾಳೆಗಿಂತ ಪ್ರಯೋಗಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಉಪನ್ಯಾಸಕಿಯ ವಿಷಯದಲ್ಲಿ ಪ್ರಯೋಗ ಹೀಗೆ ರೂಪುಗೊಳ್ಳುತ್ತದೆ. ಮೊದಲು ಭಯವನ್ನು ಭವಿಷ್ಯವಾಣಿಯಾಗಿ ಬರೆಯಬೇಕು: ‘ಒಂದೇ ಗಂಟೆ ತಯಾರಿ ಮಾಡಿಕೊಂಡು ಹೋದರೆ ಕನಿಷ್ಠ ಮೂರು ಕಡೆ ತಡವರಿಸುತ್ತೇನೆ, ಹುಡುಗರು ನಗುತ್ತಾರೆ, ಪ್ರಿನ್ಸಿಪಾಲರಿಗೆ ದೂರು ಹೋಗುತ್ತದೆ.’ ಆಮೇಲೆ ಒಂದು ವಾರ, ದಿನ ಬಿಟ್ಟು ದಿನ, ಒಂದೇ ಗಂಟೆ ತಯಾರಿ; ಉಳಿದ ದಿನ ಎಂದಿನಂತೆ ನಾಲ್ಕು ಗಂಟೆ. ಪ್ರತಿ ಪಾಠದ ನಂತರ ಎಷ್ಟು ಕಡೆ ತಪ್ಪಾಯಿತು, ಎಷ್ಟು ಜನ ಪ್ರಶ್ನೆ ಕೇಳಿದರು, ತಮಗೆ ಪಾಠ ಹಿಡಿಸಿತೇ ಎಂಬಷ್ಟನ್ನೇ ಗುರುತು ಹಾಕಬೇಕು. ‘ಚೆನ್ನಾಗಿತ್ತೇ’ ಎಂದು ಯಾರನ್ನೂ ಕೇಳಬಾರದು. ಆ ಸಮಾಧಾನವೂ ಹಟಕ್ಕೆ ಮೇವೇ. ಫಲಿತಾಂಶ ಮೊದಲೇ ಗೊತ್ತಿದೆ ಎಂದು ಚಿಕಿತ್ಸಕರೂ ನಟಿಸಬಾರದು. ಒಂದು ಗಂಟೆ ಸಾಲದೆ ಒಂದೂವರೆ ಬೇಕೆಂದು ತಿಳಿದುಬಂದರೆ ಅದೂ ಕಲಿಕೆಯೇ, ಏಕೆಂದರೆ ಒಂದೂವರೆಗೂ ನಾಲ್ಕಕ್ಕೂ ನಡುವೆ ಒಂದು ರಾತ್ರಿಯ ನಿದ್ದೆಯಿದೆ.

ಇದರ ಜತೆಗೆ ಒಂದು ಸಮೀಕ್ಷೆಯನ್ನೂ ಮಾಡಿಸುವುದುಂಟು. ತಾವು ಗೌರವಿಸುವ ನಾಲ್ಕೈದು ಸಹೋದ್ಯೋಗಿಗಳನ್ನು ‘ಈ ತಿಂಗಳು ಬೋರ್ಡಿನ ಮೇಲೆ ಎಷ್ಟು ಸಲ ತಪ್ಪಿದಿರಿ, ಆಮೇಲೆ ಏನು ಮಾಡಿದಿರಿ’ ಎಂದು ಕೇಳುವುದು. ಕಾಗದದ ವಾದಕ್ಕೆ ಬಗ್ಗದ ನಂಬಿಕೆ ಸ್ಟಾಫ್ ರೂಮಿನ ಒಂದು ನಗುವಿಗೆ ಸಡಿಲವಾಗಬಹುದು. ಬರ್ನ್ಸ್ ಅವರ ಪುಸ್ತಕದಲ್ಲೇ ಇದಕ್ಕೆ ಹತ್ತಿರದ ಅಭ್ಯಾಸವೊಂದಿದೆ: ಪ್ರತಿ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದೆ, ಎಷ್ಟು ಖುಷಿ ಕೊಟ್ಟಿತು ಎಂದು ಬೇರೆ ಬೇರೆ ಅಂಕ ಹಾಕುವುದು. ಅಲ್ಲಿನ ವೈದ್ಯರೊಬ್ಬರು ಅಡುಗೆಮನೆಯ ಒಡೆದ ಪೈಪನ್ನು ತಡಬಡಿಸಿ ಸರಿಮಾಡಿ ಅಪಾರ ಖುಷಿ ಪಡುತ್ತಾರೆ. ಚಪ್ಪಾಳೆ ಗಿಟ್ಟಿಸಿದ ಉಪನ್ಯಾಸ ಅವರಿಗೆ ಅದರ ಅರ್ಧದಷ್ಟು ಖುಷಿಯನ್ನಷ್ಟೇ ಕೊಡುತ್ತದೆ. ಪರಿಪೂರ್ಣತೆಯೂ ತೃಪ್ತಿಯೂ ಜೋಡಿಯಾಗಿ ಬರುತ್ತವೆಂಬ ಭ್ರಮೆ ಒಡೆಯುವುದಕ್ಕೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೂರು ಕಾಲಂಗಳ ಹಾಳೆಗೆ ಸಿಕ್ಕ ಪ್ರಸಿದ್ಧಿ ಇದಕ್ಕೆ ಸಿಗದೇ ಹೋದದ್ದು ನಷ್ಟವೇ.

ಹಾಳೆಯ ಇನ್ನೊಂದು ಕೊರತೆ ದನಿಯದು. ‘ಬುದ್ಧಿಗೆ ಗೊತ್ತಾಗುತ್ತದೆ, ಮನಸ್ಸು ಒಪ್ಪುವುದಿಲ್ಲ’ ಎನ್ನುವ ರೋಗಿಗಳನ್ನು ಕಂಡ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್, ಆ ಸಮಾಧಾನದ ಮಾತುಗಳು ಒಳಗೆ ಯಾವ ದನಿಯಲ್ಲಿ ಕೇಳಿಸುತ್ತವೆ ಎಂದು ವಿಚಾರಿಸಿದರು. ಬಲಗಡೆಯ ಉತ್ತರವನ್ನೂ ಆ ರೋಗಿಗಳು ಗದರಿಸುವ ದನಿಯಲ್ಲೇ ಹೇಳಿಕೊಳ್ಳುತ್ತಿದ್ದರು. ‘ಸಣ್ಣ ತಪ್ಪು ಕಣೆ’ ಎಂಬ ಮಾತು ಅಕ್ಕರೆಯದೂ ಆಗಬಹುದು, ಚುಚ್ಚುಮಾತೂ ಆಗಬಹುದು. ಕಾಗದದ ಮೇಲೆ ಎರಡೂ ಒಂದೇ. ಕರುಣೆಯನ್ನು ನಡುವೆ ಇಟ್ಟುಕೊಂಡ ಚಿಕಿತ್ಸೆಯನ್ನು ಗಿಲ್ಬರ್ಟ್ ಕಟ್ಟಿದ್ದು ಇಂಥ ಗಮನಿಕೆಯಿಂದ. ಬರಹದಲ್ಲಿ ಮುಂದಿರುವವರಿಗೆ ಹಾಳೆ ಏಕೆ ಕೆಲವೊಮ್ಮೆ ಹಿಡಿಯುವುದಿಲ್ಲ ಎಂಬುದಕ್ಕೂ ಇದರಲ್ಲಿ ಉತ್ತರವಿದೆ.

ಕೊನೆಯ ಮಿತಿ ಹೊರಗಿನದು. ಹಾಳೆಯೂ ಪ್ರಯೋಗವೂ, ತಪ್ಪಿಗೆ ಸಿಗುವ ಶಿಕ್ಷೆ ತಲೆಯೊಳಗೇ ಹುಟ್ಟಿದ್ದು ಎಂದು ಹಿಡಿದು ಹೊರಡುತ್ತವೆ. ಆದರೆ ‘ಬೇರೆಯವರು ನನ್ನಿಂದ ಪರಿಪೂರ್ಣತೆ ಬಯಸುತ್ತಾರೆ’ ಎಂಬ ಭಾವನೆಯನ್ನೇ ಪ್ರತ್ಯೇಕವಾಗಿ ಅಳೆಯಬೇಕು ಎಂದು ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲೇ ತೋರಿಸಿದ್ದರು. ಅಮೆರಿಕ, ಕೆನಡಾ, ಬ್ರಿಟನ್ನುಗಳ ನಲವತ್ತು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಒಟ್ಟುಗೂಡಿಸಿ ನೋಡಿದಾಗ, 1989ರಿಂದ 2016ರ ನಡುವೆ ಎಲ್ಲಕ್ಕಿಂತ ಹೆಚ್ಚು ಏರಿದ್ದು ಈ ಭಾವನೆಯೇ. ಆ ಲೆಕ್ಕದಲ್ಲಿ ಭಾರತವಿಲ್ಲ. ಆದರೆ ತೊಂಬತ್ತೆಂಟು ಅಂಕ ತಂದ ಮಗುವನ್ನು ‘ಉಳಿದೆರಡು ಎಲ್ಲಿ ಹೋಯಿತು’ ಎಂದು ಕೇಳುವ ಮನೆ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಅಂಥ ಮನೆಯಲ್ಲಿ, ಅಥವಾ ಫಲಿತಾಂಶ ನೂರಕ್ಕೆ ನೂರು ಬಾರದ ವಿಷಯದ ಉಪನ್ಯಾಸಕರನ್ನು ಸಭೆಯಲ್ಲಿ ಎದ್ದು ನಿಲ್ಲಿಸುವ ಕಾಲೇಜಿನಲ್ಲಿ, ‘ನಿನ್ನ ಭಯಕ್ಕೆ ಆಧಾರವಿಲ್ಲ’ ಎನ್ನುವ ಬಲಗಡೆಯ ಕಾಲಂ ಸುಳ್ಳು ಹೇಳಿದಂತಾಗುತ್ತದೆ. ಆಗ ಅಲ್ಲಿ ಬರೆಯಬಹುದಾದ ನಿಜ ಇಷ್ಟೇ: ಬೈಯುವುದು ಅವರು, ಬೈಗುಳಕ್ಕೆ ಸಹಿ ಹಾಕುವುದು ನಾನು. ಎರಡನೆಯದನ್ನು ನಿಲ್ಲಿಸಲು ಹಾಳೆ ನೆರವಾಗುತ್ತದೆ. ಮೊದಲನೆಯದಕ್ಕೆ ಮನೆಯವರೊಂದಿಗೋ ಆಡಳಿತದೊಂದಿಗೋ ಮಾತಾಡಬೇಕು. ಇನ್ನು ನಿದ್ದೆ, ಊಟ ಬಿಟ್ಟುಹೋಗಿ, ‘ನಾನಿಲ್ಲದಿದ್ದರೇ ವಾಸಿ’ ಎಂಬ ಮಾತು ಎಡಗಡೆಯ ಕಾಲಂನಲ್ಲಿ ಕಾಣಿಸಿಕೊಂಡರೆ, ಅದಕ್ಕೆ ಬಲಗಡೆ ಒಬ್ಬರೇ ಕೂತು ಉತ್ತರ ಬರೆಯುವಂತಿಲ್ಲ. ಅದೇ ದಿನ ಹತ್ತಿರದವರಿಗೆ ಹೇಳಿ ಮನೋವೈದ್ಯರ ಬಳಿ ಹೋಗಬೇಕು.